ಬರೆದರೆ ನಡೆಯುವ ಹೆಸರು

ನಂದಾ ಗೋಕಾಕದ ಬಸ್ಸಿಳಿದು ಮೂಡಲಗಿಯ ತವರುಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅಣ್ಣ ರಾವಸಾಹೇಬ ಫೋನನ್ನು ಅವಳ ಮುಖಕ್ಕೆ ಹಿಡಿದ. ನೀರು ಕೊಡಲಿಲ್ಲ, ಕೂಡು ಅನ್ನಲಿಲ್ಲ.

"ಇದನ್ನ ಬಾಯಿಮಾತ ಮಾಡಿಕೊಡವಾ," ಅಂದ. "ಹೊತ್ತ ಮುಳುಗೂದ್ರಾಗ ಹುಕ್ಕೇರಿಗಿ ಮುಟ್ಟಬೇಕು."

ಅವನ ಮಗಳು ಕಾಜಲ್‌ಳಿಗೆ ಹುಕ್ಕೇರಿಯ ಅಜಿತನನ್ನು ನೋಡಿದ್ದರು. ನೋಡಿದ್ದರು ಅನ್ನುವುದು ಮಾತಿಗೆ. ಅವರಿಬ್ಬರೂ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಕೂಡಿ ಓದುವಾಗಲೇ ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು. ಎರಡೂ ಮನೆಯವರು ಒಪ್ಪಿ, ಬರುವ ಭಾನುವಾರ ನಿಶ್ಚಯವೆಂದು ಆಗಿತ್ತು. ಅಷ್ಟರಲ್ಲಿ ಅಜಿತನ ಅಜ್ಜಿ ಸಾತವ್ವ ಮೌನ ಹಿಡಿದು ಕುಳಿತಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಆ ಮನೆಗೆ ಬರುವ ಸೊಸೆಯ ಮಡಿಲಿಗೆ ಅಕ್ಕಿ, ಕಾಯಿ ಇಟ್ಟು ಮೊದಲ ಉಡಿ ತುಂಬುವವಳು ಅವಳೇ. ಅವಳ ಕೈ ಇಲ್ಲದೆ ಉಡಿ ಇಲ್ಲ, ಉಡಿ ಇಲ್ಲದೆ ನಿಶ್ಚಯ ಇಲ್ಲ. ಇವತ್ತು ಸಂಜೆಯೊಳಗೆ ಮುದುಕಿ ಬಾಯಿ ಬಿಡದಿದ್ದರೆ ಕಾರ್ಯ ಮುಂದೆ ಹಾಕೋಣ ಎಂದು ಅಜಿತನ ತಂದೆ ಹೇಳಿ ಕಳಿಸಿದ್ದರು. ಮುಂದೆ ಹಾಕಿದ ನಿಶ್ಚಯ ಹಳಸಿದ ಅನ್ನದಂತೆ. ಯಾರೂ ಮತ್ತೆ ಬಿಸಿ ಮಾಡಿ ಉಣ್ಣುವುದಿಲ್ಲ.

ಬೆಳಿಗ್ಗೆ ಕಾಜಲ್ ಸಾತವ್ವನಿಗೆಂದು ಉದ್ದ ಸಂದೇಶ ಬರೆದು ಕಳಿಸಿದ್ದಳು. ಅಜಿತನ ತಂಗಿ ಅನುರಾಧಾ ಒಡನೆಯೇ ಫೋನ್ ಮಾಡಿದಳು. ಅಜ್ಜಿಯೆಂದರೆ ಆ ಕಡೆ ಆಯಿ. "ಆಯಿ ಬಸ್ಸಿನ ಬೋರ್ಡ್ ಓದ್ತಾಳ, ಇಷ್ಟುದ್ದ ಓದಾಂಗಿಲ್ಲ. ನಾ ಓದಿ ಹೇಳಿದ್ರ, ನೀನ ಕೂಡಿಸಿ ಹೇಳಾಕತ್ತಿ ಅಂತಾಳ. ನಿಮ್ಮ ಬಾಯಿಲೆ ಹೇಳಿ ವಾಯ್ಸ್ ಕಳಸ್ರಿ ವೈನಿ. ಸಣ್ಣದಿರ್ಲಿ. ಉದ್ದಾದ್ರ ಫೋನ್ ನನ್ನ ಉಡ್ಯಾಗ ಒಗದ ಎದ್ದ ಹೋಗ್ತಾಳ."

ಅದಕ್ಕೇ ನಂದಾಳಿಗೆ ಕರೆ ಹೋಗಿತ್ತು. ಗೋಕಾಕದ ಮಠದಲ್ಲಿ ಶ್ರಾವಣದ ಪುರಾಣ ನಡೆಯುವಾಗ ಒಬ್ಬರು ಪದ್ಯ ಓದಿದರೆ ಹೆಂಗಸರ ಗುಂಪಿಗೆ ಅದನ್ನು ಬಿಡಿಸಿ ಹೇಳುವವಳು ಅವಳು. ಕಣ್ಣಿಗೆ ಹಿಂದಿನ ಸಾಲಿಗೆ ಮರಳುವ ದಾರಿಯುಂಟು, ಕಿವಿಗೆ ಇಲ್ಲ. ದಾಟಿ ಹೋದ ಮಾತು ದಾಟಿ ಹೋಯಿತು. ಇದು ಅವಳಿಗೆ ಅನುಭವದಿಂದ ಗೊತ್ತಿತ್ತು.

"ಕಾಜಲ್, ನೀ ಬರದದ್ದನ್ನ ನೀನ ಓದು," ಅಂದಳು. "ಅವ್ವಾ, ನೀ ಕೇಳು."

ಒಳಮನೆಯ ಕಂಬಕ್ಕೆ ಒರಗಿ ಕುಳಿತಿದ್ದ ಅಣ್ಣ ತಂಗಿಯರ ತಾಯಿ ಹನಮವ್ವ, ಬೆಳ್ಳುಳ್ಳಿ ಸುಲಿಯುವುದನ್ನು ಬಿಡದೆ ತಲೆಯೆತ್ತಿದಳು. ಅವಳಿಗೂ ಅಕ್ಷರ ಅಷ್ಟಕ್ಕಷ್ಟೆ. ಕಾಜಲ್ ಗಂಟಲು ಸರಿಮಾಡಿಕೊಂಡು ಓದಿದಳು:

"ಪೂಜ್ಯ ಅಜ್ಜಿಯವರಿಗೆ ಕಾಜಲ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಳೆದ ತಿಂಗಳು ತಮ್ಮ ಮೊಣಕಾಲು ನೋವು ಉಲ್ಬಣಿಸಿದ್ದು, ಈಗ ಗುಣಮುಖರಾಗಿದ್ದೀರೆಂದು ಅಜಿತನ ಮೂಲಕ ತಿಳಿದು ಸಂತೋಷವಾಯಿತು. ಅಜಿತ ಹೇಳುವಂತೆ ತಾವು ಅವನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿ ಬೆಳೆಸಿದವರಾದ್ದರಿಂದ ತಮ್ಮ ಆಶೀರ್ವಾದವಿಲ್ಲದೆ ಈ ಶುಭಕಾರ್ಯವು ಅಪೂರ್ಣ. ಆದಕಾರಣ ಭಾನುವಾರ ತಾವು ಹಾಗೂ ಮಾಯಪ್ಪ ಅಜ್ಜನವರು ಆಗಮಿಸಿ, ನನ್ನನ್ನೂ ಅಜಿತನನ್ನೂ ಹರಸಬೇಕೆಂದು ವಿನಂತಿ."

"ಏನ ತಿಳೀತವ್ವಾ?" ನಂದಾ ಕೇಳಿದಳು.

"ಯಾರಿಗೋ ಮೊಣಕಾಲ ನೋವು," ಅಂದಳು ಹನಮವ್ವ. "ಆಮ್ಯಾಲ ಮುನಸಿಪಾಲ್ಟಿಯವರು ಮೈಕಿನ್ಯಾಗ ಏನೋ ಒದರಿದ್ರು."

ಕಾಜಲ್ ನಗಲಿಲ್ಲ. ಬೆಳಿಗ್ಗೆಯಿಂದ ಅವಳು ಒಂದು ತುತ್ತೂ ಉಂಡಿರಲಿಲ್ಲ.

ನಂದಾ ಒಂದು ಹಾಳೆ ತೆಗೆದುಕೊಂಡು ಕುಳಿತಳು. "ಮೊದಲ ಆಕಿನ್ನ ಕರಿ. ಆಯಿ ಅಂತ ಅನ್ನು. ಅಂದು ಸುಮ್ಮನಾಗು. ಆಕಿ ಕಿವಿ ನಿನ್ನ ಕಡೆ ತಿರಗಬೇಕಲ್ಲ. ಆಮ್ಯಾಲ ನೀ ಯಾರಂತ ಹೇಳು. ಒಂದ ಉಸರಿಗಿ ಒಂದ ಮಾತು. ಬಂದು ಉಡಿ ತುಂಬ್ರಿ ಅನ್ನೂದು ಎಲ್ಲಾಕ್ಕಿಂತ ಕಡೀಕ ಬರ್ಲಿ. ಕಡೀ ಮಾತ ಕಿವ್ಯಾಗ ಉಳೀತೈತಿ."

ಸಾಷ್ಟಾಂಗ ಹೋಯಿತು. ಉಲ್ಬಣ ಹೋಯಿತು, ಗುಣಮುಖ ಹೋಯಿತು. 'ಆಗಮಿಸಿ' ಇದ್ದಲ್ಲಿ 'ಬರ್ರಿ' ಬಂತು. ಒಂದೊಂದು ಸಾಲನ್ನೂ ನಂದಾ ಬರೆಯುವ ಮೊದಲು ಬಾಯಲ್ಲಿ ಆಡಿ ನೋಡಿದಳು. ನಾಲಿಗೆ ಎಲ್ಲಿ ತಡವರಿಸಿತೋ ಅಲ್ಲಿ ಮುರಿದು ಎರಡು ಮಾಡಿದಳು. ಹಾಳೆಯನ್ನು ಕಾಜಲ್‌ಳ ಕೈಗೆ ಕೊಟ್ಟಳು.

"ಆಯಿ," ಎಂದಳು ಕಾಜಲ್, ತಡೆದು ಮುಂದುವರಿದಳು. "ನಾ ಕಾಜಲ್, ಮೂಡಲಗಿಯಿಂದ. ಮೊಣಕಾಲ ಈಗ ಹೆಂಗ ಐತ್ರಿ? ನೋವು ಕಡಿಮಿ ಆಗೇತಿ ಅಂತ ಅಜಿತ ಹೇಳಿದ."

ಹನಮವ್ವನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ನಿಂತಿತು. ಅವಳು ನೆಲ ನೋಡಿದಳು.

"ಏನಾತಾಯಿ? ತಿಳೀಲಿಲ್ಲೇನ?" ಕಾಜಲ್ ಅಜ್ಜಿಯನ್ನು ಕೇಳಿದಳು.

"ಈಗರ ಭಾಳ ಛಂದ ತಿಳೀತು," ಅಂದಳು ಹನಮವ್ವ. "ಗಂಡ ಆಗಾಂವನ ಹೆಸರ ಹಿಡದಿ."

"ಬೆಳಿಗ್ಗಿ ಬರದದ್ರಾಗೂ ಇತ್ತಲ್ಲ."

"ಅದು ಬರದದ್ದು. ಲಗ್ನಪತ್ರಿಕಿಯೊಳಗ ಎಲ್ಲಾರ ಹೆಸರೂ ಇರ್ತೈತಿ, ಯಾರೇನ ಅಂತಾರ? ಬರದ್ರ ನಡೀತೈತಿ. ಬಾಯಾಗ ಬಂದ್ರ ಬ್ಯಾರೆ. ನಿಮ್ಮಜ್ಜನ ಹೆಸರ ನನ್ನ ಬಾಯಾಗ ಯಾವತ್ತರ ಕೇಳೀಯೇನ?"

ನಂದಾ ಪೆನ್ನು ಕೆಳಗಿಟ್ಟಳು. ಸಾಲು ಮುರಿಯುವ ಗಡಿಬಿಡಿಯಲ್ಲಿ ಅವಳು ಇದನ್ನೇ ನೋಡಿರಲಿಲ್ಲ. "ಕಾಜಲ್," ಅಂದಳು, "ಸಾತವ್ವ ಯಾವಾಗಿಂದ ಮಾತ ಬಿಟ್ಟಾಳ?"

"ಹದಿನೈದ ದಿನ ಆತು. ಅವತ್ತ ನಾ ಅಜಿತಗ ಫೋನ್ ಮಾಡಿದ್ನಿ. ಅವ ಊಟಕ್ಕ ಕುಂತಿದ್ದ, ಸ್ಪೀಕರ್ ಹಚ್ಚಿದ್ದ."

"ನೀ ಏನಂದಿ?"

"ಏ ಅಜಿತ, ಎಲ್ಲಿ ಸತ್ತೀಯೋ ಅಂದ್ನಿ."

ರಾವಸಾಹೇಬ ಹಣೆಗೆ ಕೈ ಹಚ್ಚಿಕೊಂಡ. ಆ ಮಾತು ಹುಕ್ಕೇರಿಯ ಪಡಸಾಲೆಯಲ್ಲಿ, ಗಂಡನ ಹೆಸರನ್ನು ಎಂದೂ ನಾಲಿಗೆಗೆ ತಾರದ ಮುದುಕಿಯ ಎದುರು, ಊಟದ ತಾಟಿನ ಬದಿಯಿಂದ ಎದ್ದು ಬಂದದ್ದನ್ನು ನಾಲ್ವರೂ ಮನಸ್ಸಿನಲ್ಲಿ ಕೇಳಿದರು.

"ಹೆಸರ ತಗಿ," ಅಂದ ರಾವಸಾಹೇಬ. "ಎಲ್ಲಾ ತಗಿ. ಅವರು, ಇವರು ಅಂತ ಹಾಕು."

"ನಾ ಅವನಿಗಿ ಅವರು ಅನ್ನೂದಿಲ್ಲಪ್ಪಾ," ಅಂದಳು ಕಾಜಲ್. ದನಿ ಏರಲಿಲ್ಲ, ಗಟ್ಟಿಯಾಯಿತು. "ನಾಕ ವರ್ಷ ಅಜಿತ ಅಂದೇನಿ. ಇವತ್ತ ಒಂದ ವಾಯ್ಸಿಗಿ ಅವರು ಅಂದ್ರ, ಜಲ್ಮ ಪೂರಾ ನಾಟಕ ಮಾಡಬೇಕಾಗ್ತೈತಿ."

"ಹಂಗಾರ ನೀ ಹೇಳೂದ ಬ್ಯಾಡ. ನಂದಾ, ನೀನ ಹೇಳು. ಕಾಜಲ್ ಅಂತ ಹೇಳಿ ಹೇಳು. ಮುದುಕಿಗೇನ ಗೊತ್ತಾಗ್ತೈತಿ?"

"ಭಾನುವಾರ ಇಕಿ ಬಾಯಿ ತಗದ ಕೂಡ್ಲೆ ಗೊತ್ತಾಗ್ತೈತಿ ಅಣ್ಣಾ. ಓದಾಕ ಬರದವರಿಗಿ ಕಿವಿ ಇರಾಂಗಿಲ್ಲೇನ?"

"ಮತ್ತ ನಿಶ್ಚಯ ಮುರೀಲಿ ಅಂತೀಯೇನ?"

ಬಾಗಿಲಾಚೆ ಬಿಸಿಲು ಅಂಗಳ ಬಿಟ್ಟು ಎದುರಿನ ಗೋಡೆ ಹತ್ತಿತ್ತು. ಪುರಾಣ ಬಿಡಿಸುವಾಗ ಪದ್ಯದಲ್ಲಿ ಇಲ್ಲದ್ದನ್ನು ಸೇರಿಸಿದರೆ ಪಾಪ, ಇದ್ದದ್ದನ್ನು ಕೇಳುವವರಿಗೆ ಮುಟ್ಟದ ಹಾಗೆ ಹೇಳಿದರೂ ಪಾಪವೇ. ಎರಡರ ನಡುವೆ ಕೂದಲೆಳೆಯಷ್ಟು ದಾರಿ. ನಂದಾ ಹಾಳೆಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

"ನೀ ಮಾತಾಡೂದು ಯಾರ ಕೂಡ?" ಕೇಳಿದಳು.

"ಸಾತವ್ವ ಆಯಿ ಕೂಡ."

"ಆಕಿಗಿ ಅವ ಏನಾಗಬೇಕು?"

"ಮೊಮ್ಮಗ."

"ನಿಮ್ಮ ಮೊಮ್ಮಗ ಹೇಳಿದ ಅಂದ್ರ ಸುಳ್ಳಾಗ್ತೈತೇನ? ಅವರು ಅನಬ್ಯಾಡ, ಅಜಿತ ಅನಬ್ಯಾಡ. ಹಂಗ ಆಕೀ ಗಂಡನ ಹೆಸರೂ ಬ್ಯಾಡ, ಮಾಯಪ್ಪ ಅನಬ್ಯಾಡ. ಅಜ್ಜಾರ್ನೂ ಕರಕೊಂಡ ಬರ್ರಿ ಅಂದ್ರ ಸಾಕು."

ಕಾಜಲ್ ಯೋಚಿಸಿದಳು. ಆಮೇಲೆ ತಲೆಯಾಡಿಸಿದಳು. "ಆದ್ರ ಒಂದ ಮಾತ ಸೇರಸ್ತೇನಿ ಅತ್ತಿ. ನಾ ಹೆಸರ ಹಿಡದ ಕರದದ್ದು ನೀವು ಕೇಳೀರಿ, ಅಂತ. ನಿಮ್ಮ ಮುಂದ ಹಂಗ ಕರ್ಯಾಂಗಿಲ್ಲ, ಅಂತ."

"ಹುಚ್ಚಿ," ಅಂದ ರಾವಸಾಹೇಬ. "ಮುಚ್ಚಿದ ಗಾಯಾ ಯಾಕ ಕೆರೀತಿ? ನೀ ಸುಮ್ಮನಿದ್ರ ಆಕಿ ಮರತಾಳು."

"ಹದಿನೈದ ದಿನ ಬಾಯಿ ಮುಚ್ಚಿದಾಕಿ ಮರೀತಾಳೇನಪ್ಪಾ? ಅದನ್ನ ಬಿಟ್ಟ ಹೇಳೂದಾದ್ರ ನಾ ಕಳಸಾಂಗಿಲ್ಲ."

ಅಣ್ಣ ತಂಗಿಯ ಮುಖ ನೋಡಿದ. ಬೇಡ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡ. ಈ ಮಾತು ಮುದುಕಿಯ ಸಿಟ್ಟಿಗೆ ತುಪ್ಪ ಹೊಯ್ಯಬಹುದು. ಆದರೆ ಇಡೀ ಸಂದೇಶದಲ್ಲಿ ಹುಡುಗಿ ತಾನಾಗಿ ಹೇಳಬಯಸಿದ್ದು ಇದೊಂದೇ.

"ಇರ್ಲಿ," ಅಂದಳು ನಂದಾ. "ಇದು ಇಕೀದು."

ಮೊದಲ ಸಲ ಕಾಜಲ್ ಹಾಳೆ ನೋಡಿ ಹೇಳಿದಳು. ಸಾಲೆಯ ಹುಡುಗಿ ಪಾಠ ಒಪ್ಪಿಸಿದಂತಾಯಿತು. ಎರಡನೆಯ ಸಲ ಅವಸರವಾಯಿತು. ನಂದಾ ಹಾಳೆ ಕಿತ್ತುಕೊಂಡು ಅವಳನ್ನು ಹನಮವ್ವನ ಎದುರು ಕೂಡಿಸಿದಳು. "ಈಕೀ ಮುಖಾ ನೋಡಿ ಹೇಳು. ಒಂದ ಶಬ್ದ ಆಚೀಚಿ ಆದ್ರೂ ಚಿಂತಿಲ್ಲ."

ಕಾಜಲ್ ಗುಂಡಿ ಒತ್ತಿ ಹಿಡಿದಳು.

"ಆಯಿ. ನಾ ಕಾಜಲ್, ಮೂಡಲಗಿಯಿಂದ. ನಮಸ್ಕಾರ್ರಿ. ಮೊಣಕಾಲ ನೋವು ಕಡಿಮಿ ಆಗೇತಿ ಅಂತ ನಿಮ್ಮ ಮೊಮ್ಮಗ ಹೇಳಿದ. ಕೇಳಿ ಚಲೋ ಅನಿಸ್ತು. ಅವತ್ತ ನಾ ಹೆಸರ ಹಿಡದ ಕರದ್ನಿ, ನೀವು ಕೇಳೀರಿ. ನಿಮ್ಮ ಮುಂದ ಇನ್ನ ಹಂಗ ಕರ್ಯಾಂಗಿಲ್ರಿ. ಭಾನುವಾರ ಅಜ್ಜಾರ್ನ ಕರಕೊಂಡ ಬರ್ರಿ. ನನ್ನ ಉಡಿ ನೀವ ತುಂಬಬೇಕು."

ಕೈ ಬಿಟ್ಟಳು. ಹೋಯಿತು.

ಫೋನ್ ನೆಲದ ಮೇಲೆ ನಡುವೆ ಇತ್ತು. ಆ ಕಡೆ ಕೇಳಿದರೆ ಮೈಕಿನ ಗುರುತು ನೀಲಿಯಾಗುತ್ತದೆ. ಅದು ಬೂದಿಬಣ್ಣದಲ್ಲೇ ಉಳಿದಿತ್ತು. ರಾವಸಾಹೇಬ ಅಂಗಳಕ್ಕೆ ಹೋದ, ಬಂದ, ಮತ್ತೆ ಹೋದ. ನಂದಾ ಮನಸ್ಸಿನಲ್ಲೇ ದೇವರ ಪದ್ಯವೊಂದನ್ನು ಹಿಡಿದಳು, ನಡುವೆ ಸಾಲು ಮರೆತು ಮೊದಲಿನಿಂದ ಹಿಡಿದಳು.

ಗುರುತು ನೀಲಿಯಾಯಿತು.

ಅದರ ಮೇಲೂ ಏನೂ ಬರಲಿಲ್ಲ. ಅನುರಾಧಾಳಿಗೆ ಫೋನ್ ಮಾಡೋಣವೆಂದ ರಾವಸಾಹೇಬನ ಕೈಯನ್ನು ಹನಮವ್ವ ಹಿಡಿದಳು. "ಆಕಿ ಮತ್ತೊಮ್ಮಿ ಕೇಳಾಕತ್ತಿರಬೇಕು. ಕೇಳ್ಲಿ ಬಿಡು."

ಕತ್ತಲಾಗುವ ಹೊತ್ತಿಗೆ ಫೋನ್ ಟಣ್ ಎಂದಿತು. ಕಾಜಲ್‌ಳ ಕೈಗಿಂತ ಮೊದಲು ನಂದಾಳೇ ಒತ್ತಿದಳು. ಮೊದಲು ಬರೀ ಉಸಿರು. ದೂರದಲ್ಲಿ ಯಾರೋ ಮುದುಕರು ಕೆಮ್ಮಿದರು. ಆಮೇಲೆ ಒಣಗಿದ, ಗಟ್ಟಿಯಾದ ದನಿ.

"ನಿನ್ನ ಮಾತ ಕೇಳ್ದೆ. ನನ್ನ ಮುಂದ ಕರ್ಯಾಂಗಿಲ್ಲ ಅಂದಿ. ಹಿಂದ ಕರೀತಿ, ಅದನ್ನೂ ಕೇಳ್ದೆ. ಖರೆ ಹೇಳಿದಿ. ಕರಿ, ನನಗ ಕೇಳಿಸಬಾರ್ದಷ್ಟ. ಭಾನುವಾರ ಬರ್ತೇನಿ. ಉಡಿ ತುಂಬೂ ಮುಂದ ಗಂಡನ ಹೆಸರ ಕೇಳ್ತೇನಿ. ಒಡಪಿನ್ಯಾಗ ಹೇಳಬೇಕು. ಬರದಿದ್ರ ಕಲಿ. ಅನೂ, ಇದನ್ನ ಬಂದ ಮಾಡೂದ ಹೆಂಗ..."

ರಾವಸಾಹೇಬ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹನಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಡಪು ಅಂದ್ರ ಹೆಸರ ಪದದಾಗ ಮುಚ್ಚಿ ಹೇಳೂದಲ್ಲ?" ಕಾಜಲ್ ಕೇಳಿದಳು.

"ಹೂಂ," ಅಂದಳು ನಂದಾ. "ತಾ, ಉತ್ತರಾ ಬರ್ಕೊಡ್ತೇನಿ."

ಕಾಜಲ್ ಹಾಳೆಯ ಕಡೆ ನೋಡಲಿಲ್ಲ. ಫೋನೆತ್ತಿ ತಾನೇ ಒತ್ತಿ ಹಿಡಿದಳು. "ಆಯಿ, ಒಡಪು ನನಗ ಬರಾಂಗಿಲ್ರಿ. ಕಲೀತೇನಿ. ಆದ್ರ ಭಾನುವಾರ ಅಜ್ಜಾರ ಹೆಸರ ಮೊದಲ ನೀವು ಹೇಳ್ರಿ, ಹೆಂಗ ಹೇಳೂದಂತ ನೋಡ್ತೇನಿ."

"ಏ," ಎಂದು ರಾವಸಾಹೇಬ ಮುಂದೆ ಬರುವಷ್ಟರಲ್ಲಿ ಅವಳು ಬೆರಳು ಬಿಟ್ಟಿದ್ದಳು.

ನಂದಾ ಫೋನಿನ ಮೇಲೆ ಬಾಗಿದಳು. ಈ ಸಲ ಕಾಯಬೇಕಾಗಲಿಲ್ಲ. ನೋಡನೋಡುತ್ತಿದ್ದಂತೆ ಗುರುತು ನೀಲಿಯಾಯಿತು. ಹುಕ್ಕೇರಿಯಲ್ಲಿ ಮುದುಕಿ ಫೋನನ್ನು ಇನ್ನೂ ಕೈಯಿಂದ ಇಳಿಸಿರಲಿಲ್ಲ.