ನೂರರ ಸಾಲಿನಲ್ಲಿ ಒಂದು ಕಡಿಮೆ

ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿತ್ತು. ಮೂರು ವರ್ಷದ ಮಾಧುರಿ ನನ್ನ ತೊಡೆಯ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದಳು. ಒಂದು ಕೈಯಲ್ಲಿ ಅವಳನ್ನು ತಟ್ಟುತ್ತ ಇನ್ನೊಂದು ಕೈಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಪಕ್ಕದಲ್ಲಿದ್ದ ಫೋನು ಮಿಣುಕಿತು. ದೇವಕ್ಕ ಕಳಿಸಿದ ಫೋಟೊ.

ಬೆಳಗಿನಿಂದ ಕಾಯುತ್ತಿದ್ದದ್ದು ಅದನ್ನೇ.

ದೇವಕ್ಕ ಮುಂಬೈಯ ಭಾಂಡುಪ್ ಸ್ಟೇಷನ್ ಹೊರಗೆ ಹೂವು ಮಾರುತ್ತಾಳೆ. ಐವತ್ತು ದಾಟಿದೆ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು, ಈ ಚಾಳಿಗೆ, ಅಂದರೆ ವಠಾರಕ್ಕೆ, ನನಗಿಂತ ಇಪ್ಪತ್ತು ವರ್ಷ ಹಳಬಳು. ನಮ್ಮ ಚಾಳಿನ ಇಪ್ಪತ್ತು ಹೆಂಗಸರು ಸೇರಿ ಒಂದು ಬಚತ್ ಗಟ್, ಅಂದರೆ ಉಳಿತಾಯದ ಗುಂಪು, ಮಾಡಿಕೊಂಡಿದ್ದೇವೆ. ತಿಂಗಳಿಗೆ ತಲೆಗೆ ಐನೂರು ರೂಪಾಯಿ ಉಳಿತಾಯ. ಅದನ್ನು ಬ್ಯಾಂಕಿಗೆ ಕಟ್ಟಲು ಇಬ್ಬರು ಹೋಗಬೇಕು. ರೊಕ್ಕ ಕಟ್ಟುವ ಚೀಟಿ ತುಂಬಿದ ಮೇಲೆ ಕೌಂಟರಿಗೆ ಕೊಡುವ ಮೊದಲು ಅದರ ಫೋಟೊ ನನಗೆ ಕಳಿಸಬೇಕು, ಲೆಕ್ಕದ ವಹಿ ನನ್ನ ಹತ್ತಿರ ಇರುವುದರಿಂದ ನಾನು ಸರಿ ಎಂದ ಮೇಲೆಯೇ ಕೊಡಬೇಕು. ಕೊಟ್ಟ ಮೇಲೆ ನೋಟಿನ ಲೆಕ್ಕವಿರುವ ದೊಡ್ಡ ಭಾಗ ಬ್ಯಾಂಕಿನಲ್ಲೇ ಉಳಿಯುತ್ತದೆ, ನಮ್ಮ ಕೈಗೆ ಬರುವುದು ಮೊಹರು ಬಿದ್ದ ಸಣ್ಣ ತುಂಡು ಮಾತ್ರ. ಅದಕ್ಕೇ ಈ ಕ್ರಮ.

ಇಷ್ಟು ವರ್ಷ ಚೀಟಿ ತುಂಬುತ್ತಿದ್ದವಳು ರೊಟ್ಟಿ ಮಾಡಿ ಮಾರುವ ಮಲ್ಲಕ್ಕ. ಎರಡು ತಿಂಗಳ ಹಿಂದೆ ದೇವಕ್ಕ ನಮ್ಮ ಮನೆ ಹೊಸ್ತಿಲ ಮೇಲೆ ಕೂತು, "ಕುಮಾರಿ, ನಂಗೂ ಅದನ್ನ ಬರಿಯಾಕ ಕಲಿಸ್ತೀ ಏನು? ಹೆಬ್ಬೆಟ್ಟು ಒತ್ತಿ ಒತ್ತಿ ಬ್ಯಾಸರಾಗೈತಿ," ಎಂದಳು. ಅಂದಿನಿಂದ ದಿನಾ ಸಂಜೆ ಖಾಲಿ ಚೀಟಿಗಳ ಮೇಲೆ ಪೆನ್ಸಿಲಿನಲ್ಲಿ ಬರೆಸಿದೆ. ಬಾಯಿಲೆಕ್ಕದಲ್ಲಿ ಅವಳನ್ನು ಯಾರೂ ಸೋಲಿಸಲಾರರು, ಕಷ್ಟವಿದ್ದದ್ದು ಅಂಕಿಯನ್ನು ಅದರ ಮನೆಯೊಳಗೆ ಕೂರಿಸುವುದರಲ್ಲಿ. ಏಳು ಬರೆದರೆ ಒಂದರಂತೆ ಕಾಣುತ್ತಿತ್ತು. ಅಳಿಸಿ ಮತ್ತೆ ಬರೆಯುತ್ತಿದ್ದಳು. ಮಾಧುರಿಯೂ ಪಕ್ಕದಲ್ಲಿ ಕೂತು ಗೀಚುತ್ತಿದ್ದಳು. ಒಂದು ದಿನ ಇಬ್ಬರಲ್ಲಿ ಯಾರ ಏಳು ಚೆಂದ ಎಂದು ಪಂತವಾಗಿ ಮಾಧುರಿಯೇ ಗೆದ್ದಳು.

ಗಟ್ಟಿನ ಸಭೆಯಲ್ಲಿ ದೇವಕ್ಕ ಈ ತಿಂಗಳು ತಾನೇ ಬರೆಯುತ್ತೇನೆ ಎಂದಾಗ ಮಲ್ಲಕ್ಕ ನಕ್ಕಿದ್ದಳು. "ಬರೀವಾ, ಬ್ಯಾಡ ಅಂದೋರ್ಯಾರು? ಆದ್ರ ಚೀಟಿ ಒಂದ್ಸಲ ವಾಪಸ್ ಬಂತಂದ್ರ ಪೆನ್ನು ನನ್ನ ಕೈಗೆ ಕೊಡಬೇಕು. ಮತ್ತ ಕೇಳಂಗಿಲ್ಲ."

ಎಲ್ಲರೂ ಹೂಂ ಎಂದಿದ್ದರು. ದೇವಕ್ಕನೂ ಹೂಂ ಎಂದಿದ್ದಳು. ಇವತ್ತು ಬೆಳಿಗ್ಗೆ ಮನೆ ಮನೆಗೆ ಹೋಗಿ ರೊಕ್ಕ ಕೂಡಿಸಿದವಳೂ ಅವಳೇ, ಬ್ಯಾಂಕಿಗೆ ಜೊತೆಗೆ ಹೋದವಳು ಮಲ್ಲಕ್ಕ.

ಫೋಟೊ ತೆರೆದೆ. ಒಟ್ಟು ಮೊತ್ತದ ಮೇಲೆ ಅವಳ ಹೆಬ್ಬೆರಳು ಕೂತಿತ್ತು. ಹೆಬ್ಬೆಟ್ಟಿನಿಂದ ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ ಎಂದು ನಗು ಬಂತು. "ಅಕ್ಕಾ, ಬೆರಳು ತೆಗೆದು ಇನ್ನೊಂದು ಹೊಡಿ," ಎಂದು ಮೆಲ್ಲಗೆ ಮಾತಾಡಿ ಕಳಿಸಿದೆ. ಎರಡನೆಯ ಫೋಟೊ ನೆಟ್ಟಗೆ ಬಂತು. ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಸಾಲು ಓದಿದೆ.

ಐನೂರರ ನೋಟು ಎಂಟು, ನಾಲ್ಕು ಸಾವಿರ. ಇನ್ನೂರರದು ಹನ್ನೊಂದು, ಎರಡು ಸಾವಿರದ ಇನ್ನೂರು. ನೂರರದು ಇಪ್ಪತ್ನಾಲ್ಕು, ಎರಡು ಸಾವಿರದ ನಾನೂರು. ಐವತ್ತರದು ಹದಿನೇಳು, ಎಂಟುನೂರ ಐವತ್ತು. ಇಪ್ಪತ್ತರದು ಹದಿನಾರು, ಮುನ್ನೂರ ಇಪ್ಪತ್ತು. ಹತ್ತರದು ಹದಿಮೂರು, ನೂರ ಮೂವತ್ತು. ಹದಿನೇಳರ ಏಳು ಎಷ್ಟು ಚೆಂದ ಬಂದಿತ್ತೆಂದರೆ ಮಾಧುರಿಯನ್ನು ಎಬ್ಬಿಸಿ ತೋರಿಸಬೇಕು ಅನ್ನಿಸಿತು. ಒಟ್ಟು ಹತ್ತು ಸಾವಿರ. ಅದರ ಕೆಳಗೆ ಅಕ್ಷರದಲ್ಲಿ, ನಾನು ಬರೆದುಕೊಟ್ಟದ್ದನ್ನು ನೋಡಿ ಬರೆದ ಮರಾಠಿಯ 'ದಹಾ ಹಜಾರ್'. ಇನ್ನೂ ಕೆಳಗೆ ಅವಳ ಸಹಿ.

ಒದ್ದೆ ಬೆರಳಲ್ಲಿ ನೆಲದ ಮೇಲೆ ಸಾಲುಗಳನ್ನು ಕೂಡಿದೆ. ಒಂಬತ್ತು ಸಾವಿರದ ಒಂಬೈನೂರು ಬಂತು.

ಮತ್ತೆ ಕೂಡಿದೆ, ಈ ಸಲ ಕೆಳಗಿನಿಂದ ಮೇಲಕ್ಕೆ. ಅಷ್ಟೇ. ನಾನು ಅಂಕಿ ತಪ್ಪಾಗಿ ಓದಿದೆನೇ ಎಂದರೆ ಅದೂ ಅಲ್ಲ, ಪ್ರತಿ ಸಾಲಿನಲ್ಲೂ ನೋಟಿನ ಸಂಖ್ಯೆಗೂ ಮೊತ್ತಕ್ಕೂ ಗುಣಾಕಾರ ಸರಿಹೋಗುತ್ತಿತ್ತು. ಸಾಲುಗಳೆಲ್ಲ ಸರಿ, ಒಟ್ಟು ಮಾತ್ರ ನೂರು ಹೆಚ್ಚು. ಹೀಗೇ ಕೊಟ್ಟರೆ ಕ್ಯಾಶಿಯರ್ ಎಣಿಸಿ ವಾಪಸ್ ಹಾಕುವುದು ಖಂಡಿತ.

ಫೋನು ಹಚ್ಚಿದೆ. "ಅಕ್ಕಾ, ಕೊಟ್ಟಿಲ್ಲ ಹೌದಲ್ಲ?"

"ಇಲ್ಲವಾ. ನನ್ನ ಮುಂದ ಇನ್ನೂ ಆರು ಮಂದಿ ಅದಾರ. ಹೆಂಗ ಬಂದೈತಿ?"

"ಅಕ್ಷರ ಮುತ್ತಿನಂಗ ಬಂದಾವು. ನೂರು ರೂಪಾಯಿ ತಾಳೆ ಆಗವಲ್ದು."

ಅವಳ ದನಿ ಸಣ್ಣದಾಯಿತು. "ಏಳು ತಪ್ಪೇನು?"

"ಏಳು ಭಾಳ ಚೊಲೋ ಐತಿ. ಒಟ್ಟು ಹತ್ತು ಸಾವಿರ ಅಂತ ಹೆಂಗ ಬರದಿ? ಸಾಲು ಕೂಡಿಸಿ ಬರದ್ಯೋ?"

"ಕೂಡಿಸೋದ್ಯಾಕ? ಇಪ್ಪತ್ತು ಮಂದಿ, ಐನೂರೈನೂರು. ಹತ್ತು ಸಾವಿರನ ಅಲ್ಲೇನು? ವಹಿಯೊಳಗ ಎಲ್ಲಾರ ಮುಂದೂ ಗೆರಿ ಎಳದು ನಿನ್ನ ಕೈಯಾಗ ಕೊಟ್ಟೀನಿ."

ಅದೇ ಆಗಿತ್ತು. ಒಟ್ಟು ಅವಳ ಬಾಯಿಲೆಕ್ಕದಿಂದ ಬಂದದ್ದು, ಸಾಲುಗಳು ಕೈಯಲ್ಲಿದ್ದ ನೋಟಿನಿಂದ ಬಂದದ್ದು. ಅಂದರೆ ಕೈಯಲ್ಲಿರುವ ನೋಟೇ ನೂರು ಕಡಿಮೆ ಇದೆ.

"ಅವಸರ ಬ್ಯಾಡ. ಬೆಂಚಿನ ಮ್ಯಾಲ ಕುಂತು ಇನ್ನೊಮ್ಮೆ ಎಣಸು. ಒಂದೊಂದು ನೋಟಿನ ರಾಶಿ ಬ್ಯಾರೆ ಮಾಡು. ಫೋನು ಮಲ್ಲಕ್ಕನ ಕೈಯಾಗ ಕೊಡು."

ಮಲ್ಲಕ್ಕ ಫೋನು ಹಿಡಿದಳು. "ನಾ ಅಂದಿದ್ದೆ ಇಲ್ಲೋ? ಬ್ಯಾಂಕಂದ್ರ ಮಲ್ಲಿಗಿ ಮೊಳ ಹಾಕಿದಂಗಲ್ಲ, ಒಂದು ಮೊಳಕ್ಕ ಎರಡು ಹೂವು ಹೆಚ್ಚುಕಡಿಮಿ ನಡಿಯಾಕ."

"ನಿನ್ನ ರೊಟ್ಟಿ ಲೆಕ್ಕನೂ ನನಗ ಗೊತ್ತೈತಿ ತಗೋ," ಎಂದು ಹಿಂದಿನಿಂದ ದೇವಕ್ಕ. "ಹತ್ತಕ್ಕ ಒಂದು ಹರದದ್ದು ಇರತೈತಿ."

"ಎಣಸವಾ ಮೊದಲ. ಮೂರೂವರಿಗೆ ಕ್ಯಾಶ್ ಮುಚ್ಚತಾರ." ಮಲ್ಲಕ್ಕ ಬಾಯಿ ಗಡುಸು ಮಾಡಿದಳು, ಆದರೆ ಅವಳ ದನಿಯೂ ಕುಗ್ಗಿತ್ತು. ಫೋನಿನ ಹತ್ತಿರ ಬಾಯಿ ತಂದು, "ಕುಮಾರಿ, ನನ್ನ ಚೀಲದಾಗ ನೂರೈತಿ. ಹಾಕಿ ಮುಗಿಸಿಬಿಡ್ಲೇನು? ಮಾರಿ ನೋಡಾಕಾಗವಲ್ದು ಅಕೀದು," ಎಂದಳು.

ದೇವಕ್ಕನಿಗೆ ಕೇಳಿಸಿತು. "ನಿನ್ನ ನೂರು ನನಗ ಬ್ಯಾಡ. ನಾ ಬರದದ್ದು ನಿನ್ನ ರೊಕ್ಕದಾಗ ಸರಿಯಾದ್ರ ಅದು ಸರಿ ಆದಂಗೇನು?"

ಮಾಧುರಿ ಹೊರಳಿದಳು. ತಟ್ಟಿದೆ. ಮತ್ತೆ ನಿದ್ದೆಗೆ ಇಳಿದಳು. ಫೋನಿನಲ್ಲಿ ನೋಟುಗಳ ಸರಸರ, ಟೋಕನ್ ಕೂಗುವ ಸದ್ದು, ಯಾರೋ ಮರಾಠಿಯಲ್ಲಿ ಪೆನ್ನು ಕೇಳುವುದು. ಕೊನೆಗೆ ದೇವಕ್ಕ ಬಂದಳು. "ಬರದಷ್ಟ ಅದಾವು. ನೂರರವು ಇಪ್ಪತ್ನಾಕು. ಯಾರೋ ನಾನೂರು ಕೊಟ್ಟು ಐನೂರಂದಾರ. ಈಗ ಯಾರ ಮನಿಗಿ ಹೋಗಿ ಕೇಳ್ಲಿ?"

ದೇವಕ್ಕ ರೊಕ್ಕ ಇಸಿದುಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ಯಾರು ಕೊಟ್ಟರೂ ಅಲ್ಲೇ ಎಣಿಸುತ್ತಾಳೆ, ಎಣಿಸದೆ ಒಂದು ಮೊಗ್ಗೂ ಕೊಡುವವಳಲ್ಲ. ನಾನೂರಕ್ಕೆ ಐನೂರೆಂದು ಗೆರೆ ಎಳೆಯುವ ಪೈಕಿ ಅಲ್ಲ. ಹಾಗಾದರೆ ಇಸಿದುಕೊಂಡ ಮೇಲೆ, ಬ್ಯಾಂಕಿನಲ್ಲಿ ಎಣಿಸುವ ಮೊದಲು ಏನಾಯಿತು? ಬೆಳಿಗ್ಗೆ ಆರೂವರೆಗೆ ಅವಳ ಬುಟ್ಟಿಯ ಮುಂದೆ ನಾನು ನಿಲ್ಲುವ ಹೊತ್ತನ್ನು ಕಣ್ಣ ಮುಂದೆ ತಂದುಕೊಂಡೆ. ಹತ್ತು ರೂಪಾಯಿ ಕೊಡುತ್ತೇನೆ, ಅವಳು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ, ಆಮೇಲೆ...

"ಅಕ್ಕಾ, ಇವತ್ತು ಮೊದಲ ಯಾರ ಕಡಿಂದ ಇಸಗೊಂಡಿ?"

"ಮೊದಲ ಮಹಾದೇವಿ. ಬಾಗಲಾ ತೆಗದಾಕಿನ ನೂರರ ನೋಟು ಐದು ಕೊಟ್ಟಳು. ಎಣಿಸೇನಿ ಅವನ್ನ."

"ಎಣಿಸಿ ಏನು ಮಾಡಿದಿ?"

"ಏನು ಮಾಡ್ತಾರ? ಕಣ್ಣಿಗೊತ್ತಿಕೊಂಡು..."

"ಬೋಣಿಗಿ ನೋಟು ಎಲ್ಲಿಡತಿ ಅಕ್ಕಾ, ದಿನಾ?"

ಆ ಕಡೆ ಮಲ್ಲಕ್ಕ ನಗತೊಡಗಿದಳು. ನಗುತ್ತ ನಗುತ್ತ ಕೆಮ್ಮು ಬಂದು, ಕೆಮ್ಮಿನ ನಡುವೆಯೇ ವರದಿ ಕೊಟ್ಟಳು. "ಸೆರಗಿನ ಗಂಟು ಬಿಚ್ಚಾಕತ್ಯಾಳ. ಬಂತು. ನೂರರ ನೋಟು, ನಾಕು ಮಡಿಕಿ. ನಡುವ ಒಂದು ಮಲ್ಲಿಗಿ ಮೊಗ್ಗಿ. ಏ ದೇವಕ್ಕ, ಗಟ್ಟಿನ ರೊಕ್ಕಕ್ಕೂ ಬೋಣಿಗಿ ಮಾಡಿದ್ಯಾ ನೀ?"

ಮೂವತ್ತು ವರ್ಷದ ಕೈ. ದಿನದ ಮೊದಲ ನೋಟು ಬಂದರೆ ಅದು ತಾನಾಗಿಯೇ ಕಣ್ಣಿಗೆ ಹೋಗಿ, ಅಲ್ಲಿಂದ ಸೆರಗಿಗೆ ಹೋಗಿ ಗಂಟಾಗುತ್ತದೆ. ಅದು ಹೂವಿನ ರೊಕ್ಕವೋ ಗಟ್ಟಿನ ರೊಕ್ಕವೋ ಎಂದು ಕೈ ಕೇಳುವುದಿಲ್ಲ.

"ಪಕ್ಕದಾಗಿನ ಮಂದಿ ಎಲ್ಲಾ ನಗಾಕತ್ತಾರ," ಎಂದಳು ದೇವಕ್ಕ. ಅವಳ ದನಿಯಲ್ಲೂ ನಗುವಿತ್ತು. "ಈಗ ಇಪ್ಪತ್ನಾಕರ ನಾಕನ್ನ ತಿದ್ದಿ ಐದು ಮಾಡ್ಲೇನು?"

"ತಿದ್ದಬ್ಯಾಡ. ತಿದ್ದಿದ ಚೀಟಿ ತಗೊಳ್ಳಾಂಗಿಲ್ಲ. ಹೊಸಾದು ತಗೊಂಡು ಮೊದಲಿನಿಂದ ಬರಿ. ನೂರರ ಸಾಲಿನ್ಯಾಗ ಎರಡೂ ಮನಿ ಬದಲಾಗ್ತಾವು, ನೋಟಿಂದೂ, ರೊಕ್ಕದ್ದೂ. ಉಳಿದದ್ದೆಲ್ಲಾ ಮೊದಲಿನಂಗ."

"ನಾ ಬರೀಲೇನು ಲಗೂನ?" ಎಂದು ಮಲ್ಲಕ್ಕ ಕೇಳಿದ್ದು ಕೇಳಿಸಿತು. "ಗಡಿಯಾರ ನೋಡು, ಮೂರೂ ಹದಿಮೂರಾತು."

"ಚೀಟಿ ವಾಪಸ್ ಬಂದೈತೇನು?" ದೇವಕ್ಕ ಕೇಳಿದಳು.

"ಇಲ್ಲ."

"ಮತ್ತ? ಪೆನ್ನು ನನ್ನ ಕಡೆ ಇರಲಿ. ನೀ ಸರದ್ಯಾಗ ನಿಂದರು, ನಮ್ಮ ಜಾಗ ಹೋದೀತು."

ಫೋನು ಇಟ್ಟೆ. ಮೆಂತ್ಯೆ ಸೊಪ್ಪು ಬಿಡಿಸಲು ಹೋದರೆ ಕಡ್ಡಿಯನ್ನು ಪಾತ್ರೆಗೂ ಎಲೆಯನ್ನು ಕಸಕ್ಕೂ ಹಾಕುತ್ತಿದ್ದೆ. ಮಗು ಮೊದಲ ಸಲ ಒಂಟಿಯಾಗಿ ನಡೆಯುವಾಗ ನಾಲ್ಕು ಹೆಜ್ಜೆ ದೂರದಲ್ಲಿ ಕೈ ಚಾಚಿ ಕೂತಿರುತ್ತೇವಲ್ಲ, ಹಿಡಿಯಲೂ ಬಾರದು, ಬಿಡಲೂ ಆಗದು, ಹಾಗಿತ್ತು. ಮೂರೂ ಇಪ್ಪತ್ತಕ್ಕೆ ಫೋಟೊ ಬಂತು. ಹೆಬ್ಬೆರಳು ಇರಲಿಲ್ಲ.

ಅವಸರದಲ್ಲಿ ಬರೆದದ್ದೆಂದು ಒಂದು ಸಾಲನ್ನೂ ಬಿಡದೆ ನೋಡಿದೆ. ನೂರರವು ಇಪ್ಪತ್ತೈದು, ಎರಡು ಸಾವಿರದ ಐನೂರು. ಉಳಿದ ಐದು ಸಾಲು ಹಾಗೇ ಇದ್ದವು. ಮೇಲಿನಿಂದ ಕೂಡಿದೆ, ಕೆಳಗಿನಿಂದ ಕೂಡಿದೆ. ಹತ್ತು ಸಾವಿರ, ಹತ್ತು ಸಾವಿರ. ಅಂಕಿಯಲ್ಲೂ ಅಕ್ಷರದಲ್ಲೂ ಅದೇ. ಖಾತೆ ನಂಬರನ್ನು ವಹಿಯ ಜೊತೆ ಒಂದೊಂದಾಗಿ ತಾಳೆ ನೋಡಿದೆ, ತಾರೀಖು ನೋಡಿದೆ.

"ಕೊಡು ಅಕ್ಕಾ," ಎಂದು ಕಳಿಸಿದೆ.

ಮುಂದಿನ ಏಳು ನಿಮಿಷ ಫೋನು ಸುಮ್ಮನಿತ್ತು. ಆಮೇಲೆ ಮೊಹರು ಬಿದ್ದ ಸಣ್ಣ ತುಂಡಿನ ಫೋಟೊ ಬಂತು. ಮೊಹರು ಸ್ವಲ್ಪ ಸೊಟ್ಟ, ಆದರೆ ತಾರೀಖು, ಹತ್ತು ಸಾವಿರ, ಕ್ಯಾಶಿಯರ್ ಸಹಿ ಮೂರೂ ಸ್ಪಷ್ಟವಾಗಿದ್ದವು. ವಹಿ ತೆಗೆದು ಬರೆದುಕೊಂಡೆ. 'ಕಟ್ಟಿದವರು' ಎಂಬಲ್ಲಿ ಇಷ್ಟು ದಿನ ಮಲ್ಲಕ್ಕನ ಹೆಸರಿರುತ್ತಿತ್ತು. ದೇವಕ್ಕ ಎಂದು ಬರೆದೆ.

ಅವರಿಬ್ಬರೂ ನೆಟ್ಟಗೆ ನಮ್ಮ ಮನೆಗೇ ಬಂದರು. ಮಾಧುರಿ ಎದ್ದು ಹಾಲು ಕುಡಿಯುತ್ತಿದ್ದಳು. ದೇವಕ್ಕ ಅವಳ ಮುಂದೆ ಕೂತು ಕೆಟ್ಟ ಚೀಟಿ ಬಿಡಿಸಿ ತೋರಿಸಿದಳು. "ನೋಡು, ನನ್ನ ಏಳು ನೋಡು. ಈಗ ಹೇಳು, ಯಾರದು ಚೆಂದ?"

"ಮೇರಾ," ಎಂದು ಹಿಂದಿಯಲ್ಲಿ ತನ್ನದೇ ಎಂದಳು ಮಾಧುರಿ, ಚೀಟಿ ನೋಡದೆಯೇ.

"ಇರಲಿ ತಗೋ. ನಿನ್ನ ಚೀಟಿನೂ ಬ್ಯಾಂಕಿನವ್ರು ತಗೊಂಡ ಮ್ಯಾಲ ನೋಡೋಣ." ನೋಟಿನೊಳಗಿದ್ದ ಮೊಗ್ಗನ್ನು ಅವಳ ಜುಟ್ಟಿಗೆ ಸಿಕ್ಕಿಸಿದಳು. ಬೆಳಗಿನದಾದರೂ ಇನ್ನೂ ಘಮವಿತ್ತು.

ನಾನು ಚಹಾಕ್ಕಿಟ್ಟೆ. "ಬೋಣಿಗಿ ನೋಟು ಬ್ಯಾಂಕಿಗೆ ಕೊಟ್ಟಿ. ಮನಸ್ಸು ಹೆಂಗೈತಿ?" ಎಂದು ಕೇಳಿದೆ.

"ಕೊಡೋಮುಂದ ಕಣ್ಣಿಗೊತ್ತಿಕೊಂಡು ಕೊಟ್ಟೆ. ಕ್ಯಾಶಿಯರ್ ಹುಡುಗಿ ನಕ್ಕು, ಅಕೀನೂ ಒತ್ತಿಕೊಂಡಳು."

ಮಲ್ಲಕ್ಕ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಚೀಲದಿಂದ ಏನೋ ತೆಗೆದು, ಮತ್ತೆ ಒಳಗಿಟ್ಟು, ಮತ್ತೆ ತೆಗೆದಳು. ಒಂದು ಖಾಲಿ ಚೀಟಿ.

"ನಾಳೆ ನನ್ನ ರೊಟ್ಟಿ ರೊಕ್ಕ ಕಟ್ಟಬೇಕು," ಎಂದು ದೇವಕ್ಕನಿಗೆ ಹೇಳಿದಳು, ನನ್ನ ಕಡೆ ನೋಡದೆ. "ಚಾಳೀಸು ಬಂದು ಆ ಮನಿಗೋಳು ನನಗ ಕಾಣವಲ್ವು. ಆರು ತಿಂಗಳಾತು, ಅಂದಾಜಿನ ಮ್ಯಾಲ ಬರೀತೀನಿ. ಕುಮಾರಿ ಸರಿ ಅನ್ನೋತನಕ ಜೀವ ಕೈಯಾಗ ಹಿಡಕೊಂಡಿರತೀನಿ."

ನನಗೂ ಅದು ಗೊತ್ತಿರಲಿಲ್ಲ.

ದೇವಕ್ಕ ಚೀಟಿ ಇಸಿದುಕೊಂಡು ತೊಡೆಯ ಮೇಲಿಟ್ಟು ಸುಕ್ಕು ಸವರಿದಳು. ಪೆನ್ನಿನ ಮುಚ್ಚಳ ತೆಗೆದಳು.

"ರೊಕ್ಕ ಹೊರಗ ತೆಗಿ," ಎಂದಳು. "ಮತ್ತ ನಿನ್ನ ಸೆರಗಿನ ಗಂಟೂ ಬಿಚ್ಚಿ ತೋರಸು ಮೊದಲ."