ಅಸಮ್ಮತಿ ಪತ್ರ

ಸದಲಗಾ ಹತ್ತಿರದ ಆ ತೋಟದ ಶಾಲೆಗೆ ಮೂವರೇ ಶಿಕ್ಷಕರು. ಮುಖ್ಯಾಧ್ಯಾಪಕ ಶಾಂತಿನಾಥರ ಹೆಂಡತಿ ಸುಗಂಧಾಳಿಗೆ ಗರ್ಭಕೋಶದಲ್ಲಿ ಗಡ್ಡೆ. ಮಿರಜದ ಡಾಕ್ಟರು ಸೋಮವಾರ ಆಪರೇಷನ್ ಎಂದಿದ್ದರು. ಶಾಂತಿನಾಥರು ಇಪ್ಪತ್ತು ದಿನದ ಗಳಿಕೆ ರಜೆಗೆ ಅರ್ಜಿ ಬರೆದು, ತಾವಿಲ್ಲದಾಗ ಶಾಲೆಯ ಪ್ರಭಾರ ಸಹಶಿಕ್ಷಕಿ ಶೇವಂತಾಳಿಗೆ ಎಂದು ನಮೂದಿಸಿದರು. ಆಕೆಯದು ಹದಿನಾಲ್ಕು ವರ್ಷದ ಸೇವೆ, ಇನ್ನೊಬ್ಬ ಶಿಕ್ಷಕ ಮುರಗೆಪ್ಪನದು ಆರು. ಯೋಚಿಸುವಂಥದ್ದೇನೂ ಇರಲಿಲ್ಲ. ಒಪ್ಪಿಗೆಯ ಸಹಿ ಹಾಕುವ ಮುಂಚೆ ಶೇವಂತಾ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಒರೆಸಿಕೊಂಡಿದ್ದಳು.

ಗುರುವಾರ ತಾಲೂಕಿನ ಶಿಕ್ಷಣ ಕಚೇರಿಗೆ ಹೋದರೆ ಕ್ಲಾರ್ಕು ಅರ್ಜಿಯನ್ನು ಹಿಂದಕ್ಕೆ ಸರಿಸಿದ.

"ಪ್ರಭಾರದ ಹೆಸರ ಬದಲ್ ಮಾಡಿ ತರ್ರಿ ಸರ್."

"ಯಾಕ್ರಿ? ಸೀನಿಯರ್ ಅವರ ಅದಾರ."

"ಮುರಗೆಪ್ಪ ಮಾಸ್ತರ್ ಮಾವ ಮಂಡಲ ಪಂಚಾಯ್ತಿ ಪ್ರಧಾನರಲ್ರಿ. ನಿನ್ನೆ ಸಾಹೇಬ್ರ ಕಡೆ ಬಂದು ಕುಂತಿದ್ರು. ಹೆಣ್ಮಗಳ ಕೈಯಾಗ ನಮ್ಮ ಹುಡುಗ ದುಡಿಯೂದಿಲ್ಲ ಅಂದ್ರು." ದನಿ ತಗ್ಗಿಸಿ ಸೇರಿಸಿದ: "ತನಗ ಆಗೂದಿಲ್ಲ ಅಂತ ಶೇವಂತಾ ಅಕ್ಕೋರ ಕಡೆ ಒಂದ್ ಕಾಗದಾ ಬರಸ್ರಿ. ನಾಳೆನ ರಜಾ ಮಂಜೂರ್ ಮಾಡಸ್ತೀನಿ."

ಶಿಕ್ಷಣಾಧಿಕಾರಿಗಳ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ನಿಯಮ ಹೇಳಬಹುದಿತ್ತು. ಶಾಂತಿನಾಥರು ಹೊಸ್ತಿಲ ತನಕ ಹೋದರು. ಸೋಮವಾರ ನೆನಪಾಯಿತು. ತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದರು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಶೇವಂತಾಳಿಗೆ ಎಲ್ಲ ಹೇಳಿದರು.

"ಸಾಹೇಬ್ರಿಗೆ ನೀವೇನಂದ್ರಿ ಸರ್?"

"ಅವ್ರು... ಭಾಳ ಗಡಿಬಿಡಿಯೊಳಗಿದ್ರು."

ಸುಳ್ಳೆಂದು ಆಕೆಗೆ ತಿಳಿಯಿತು. ತಿಳಿಯಿತೆಂಬುದು ಇವರಿಗೂ ತಿಳಿಯಿತು. ಕೌಟುಂಬಿಕ ಕಾರಣಗಳಿಂದ ಪ್ರಭಾರ ವಹಿಸಿಕೊಳ್ಳಲು ಸಾಧ್ಯವಿಲ್ಲ ಎಂದು ಆಕೆ ಒಂದೇ ಸಲಕ್ಕೆ ಬರೆದು ಸಹಿ ಹಾಕಿದಳು. "ಸುಗಂಧಾ ವೈನಿಗೆ ಆರಾಮ ಆಗ್ಲಿ," ಎಂದು ಎದ್ದು ಮೂರನೆಯ ತರಗತಿಗೆ ಹೋದಳು.

ಸುಗಂಧಾ ಗುಣವಾದಳು. ಶಾಂತಿನಾಥರು ಮರಳಿ ಬಂದು ಮುರಗೆಪ್ಪನಿಂದ ಬೀಗದ ಕೈ ಇಸಿದುಕೊಂಡರು. ಎರಡು ವರ್ಷ ಕಳೆದು ನಿವೃತ್ತರೂ ಆದರು. ಹೊಸಬರು ಬರುವ ತನಕ ಶಾಲೆ ಯಾರ ಕೈಗೆ ಎಂಬ ಪ್ರಶ್ನೆ ಬಂದಾಗ ಕಚೇರಿಯವರು ಕಡತ ತೆಗೆದರು. ಹಿರಿಯ ಶಿಕ್ಷಕಿ ಈ ಹಿಂದೆಯೇ ನಿರಾಕರಿಸಿದ್ದಾರೆ ಎಂದು ಟಿಪ್ಪಣಿ ಬರೆದು ಮುರಗೆಪ್ಪನಿಗೆ ಕೊಟ್ಟರು. ಆಕೆಯನ್ನು ಕೇಳಲೂ ಇಲ್ಲ.

ಸುದ್ದಿ ಕಿವಿಗೆ ಬಿದ್ದ ದಿನವೇ ಶಾಂತಿನಾಥರು ಶೇವಂತಾಳ ಮನೆಗೆ ಹೋದರು.

"ಆ ಕಾಗದಾ ನಾನ ಬರಸಿದ್ದು ಅಂತ ಸಾಹೇಬ್ರಿಗೆ ಬರಕೊಡ್ತೀನಿ. ಸಹಿ ಮಾಡ್ತೀನಿ."

ಶೇವಂತಾ ಮಡಿಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಈಗ ನಿಮ್ಮ ಸಹಿಗೆ ಏನ್ ಕಿಮ್ಮತ್ತೈತಿ ಸರ್?" ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. "ಕುಂದರ್ರಿ, ಚಾ ಮಾಡ್ತೀನಿ."

ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಕುಡಿಯಲೇಬೇಕಾಯಿತು.