ಇಳಿಯುವ ಹಕ್ಕು

ಬನವಾಸಿಯ ಅನಾನಸು ವ್ಯಾಪಾರಿ ಶಿವಲಿಂಗಪ್ಪನವರು ಎಲ್ಲಿ ಕೂತರೂ ಅದು ಅವರ ಅಂಗಡಿಯ ಕಟ್ಟೆಯೇ. ಮದುವೆ ಮನೆಯಿರಲಿ, ಬ್ಯಾಂಕಿರಲಿ, ಕೂತ ಐದು ನಿಮಿಷಕ್ಕೆ ಸುತ್ತಲಿನ ನಾಲ್ಕು ಮಂದಿ ಅವರ ಮಾತಿಗೆ ತಲೆಯಾಡಿಸುತ್ತಿರಬೇಕು. ಹೆಂಡತಿ ದಾಕ್ಷಾಯಿಣಿಗೆ ಇದು ಮೂವತ್ತು ವರ್ಷಗಳಿಂದ ಗೊತ್ತು. ವಿಮಾನದಲ್ಲಾದರೂ ಬಾಯಿಗೆ ಬೆಲ್ಟು ಬೀಳುತ್ತದೆ ಅಂದುಕೊಂಡಿದ್ದಳು. ಅವಳ ಹುಚ್ಚು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಬೆಳಗಿನ ವಿಮಾನ ಅದು. ಬಾಗಿಲು ಹಾಕಿದರು, ಬೆಲ್ಟು ಹಾಕಿಸಿದರು, ಆಮೇಲೆ ವಿಮಾನ ಕೂತಲ್ಲೇ ಕೂತಿತು. ಬೆಂಗಳೂರಿನಲ್ಲಿ ದಟ್ಟ ಮಂಜು, ಅಲ್ಲಿಂದ ಅಪ್ಪಣೆ ಬರುವವರೆಗೆ ಇಲ್ಲಿಂದ ಹೊರಡುವ ಹಾಗಿಲ್ಲ ಎಂದು ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳಿದ. ಅದನ್ನೇ ಅನುಶ್ರೀ ಎಂಬ ಗಗನಸಖಿ ಚೆಂದದ ಕನ್ನಡದಲ್ಲಿ ಹೇಳಿದಳು. ಕಿಟಕಿಯಾಚೆ ಹುಬ್ಬಳ್ಳಿಯ ಬಿಸಿಲು ಫಳಫಳ ಹೊಳೆಯುತ್ತಿತ್ತು. ನಿಲ್ದಾಣದ ಕಟ್ಟಡ ಎಷ್ಟು ಹತ್ತಿರವಿತ್ತೆಂದರೆ ಒಳಗೆ ಚಹಾ ಕುಡಿಯುತ್ತಿದ್ದವರು ಕಾಣುತ್ತಿದ್ದರು.

“ಇಲ್ಲೆಲ್ಲೈತಿ ಮಂಜು?” ಎಂದರು ಶಿವಲಿಂಗಪ್ಪ. “ನಮ್ಮನ್ನ ಕುರಿ ಮಾಡಾಕ ಹತ್ಯಾರ.”

ದಾಕ್ಷಾಯಿಣಿಯ ಜೀವವೆಲ್ಲ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿತ್ತು. ಮಗಳು ಪ್ರತಿಭಾಗೆ ಇವತ್ತೇ ಸಂಜೆ ಸಿಸೇರಿಯನ್. ನಿಲ್ಕುಂದದ ಉಲ್ಲಾಸನನ್ನು ಅವಳು ಜಾತಿ ಮೀರಿ ಮದುವೆಯಾಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷ ಅಪ್ಪ ಮಗಳೊಂದಿಗೆ ಮಾತಾಡಿರಲಿಲ್ಲ, ಅವ್ವನನ್ನೂ ಹೋಗಗೊಟ್ಟಿರಲಿಲ್ಲ. ಹೋದ ವಾರ ಅಳಿಯ ಫೋನ್ ಮಾಡಿ, “ಆಪರೇಷನ್‌ಗೆ ಮೊದ್ಲು ಒಂದ್ಸಲ ಅವ್ವನ್ನ ನೋಡಬೇಕು ಅಂತಾಳೆ, ಬನ್ನಿ” ಎಂದಿದ್ದ. ದಾಕ್ಷಾಯಿಣಿ ಮೊದಲ ಸಲ ಗಂಡನ ಎದುರು ನಿಂತು, “ನಾ ಹೊಂಟೀನಿ. ನೀವು ಬಂದ್ರ ಬರ್ರಿ” ಅಂದಿದ್ದಳು. ಬಂದಿದ್ದರು. ಆದರೆ ಹುಬ್ಬಳ್ಳಿಯವರೆಗೂ ಕಾರಿನಲ್ಲಿ ಅನಾನಸಿನ ರೇಟು ಬಿಟ್ಟು ಬೇರೆ ಮಾತಿರಲಿಲ್ಲ.

ಇನ್ನೊಂದು ಫಜೀತಿಯಿತ್ತು. ಇಷ್ಟಲಿಂಗದ ಪೂಜೆಯಾಗದೆ ತೊಟ್ಟು ನೀರೂ ಬಾಯಿಗಿಲ್ಲ ಎನ್ನುವುದು ಆ ಮನೆಯ ನೇಮ. ಬೆಳಗಿನ ಜಾವ ಇಬ್ಬರ ಸ್ನಾನವೂ ಆಗಿತ್ತು, ಅಷ್ಟರಲ್ಲಿ ಕಾರಿನವನು ಹಾರ್ನ್ ಬಾರಿಸಿದ. “ವಿಮಾನದಾಗ ಒಂದ್ ತಾಸಿನ ಹಾದಿ. ಇಳದು, ಅಲ್ಲೇ ಲಾಡ್ಜಿನ್ಯಾಗ ಆರಾಮ್ ಪೂಜಿ ಮಾಡೂಣು, ನಡಿ” ಎಂದು ಶಿವಲಿಂಗಪ್ಪನವರೇ ಎಬ್ಬಿಸಿಕೊಂಡು ಬಂದಿದ್ದರು. ಗಡಿಬಿಡಿಯಲ್ಲಿ ದಾಕ್ಷಾಯಿಣಿ ರೂಢಿಯಂತೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಒಣಗಂಟಲಲ್ಲೇ ನುಂಗಿದ್ದಳು. ಗುಳಿಗೆ ಊಟವೂ ಅಲ್ಲ, ನೀರೂ ಅಲ್ಲ ಎಂಬುದು ಆ ಮನೆಯ ಶಾಸ್ತ್ರ. ಗುಳಿಗೆ ನುಂಗಿ ಹೊಟ್ಟೆ ಖಾಲಿ ಇಟ್ಟುಕೊಳ್ಳಬಾರದು ಎಂಬುದು ಡಾಕ್ಟರ ಶಾಸ್ತ್ರ.

ಒಂದು ತಾಸು ಹೋಯಿತು. ಒಳಗೆ ಸೆಕೆ ಏರಿತು. ಶಿವಲಿಂಗಪ್ಪ ಎದ್ದು ನಿಂತರು.

“ಏನ್ರೀ, ಹಕ್ಕು ಅಂಬೋದು ಐತೋ ಇಲ್ಲೋ? ನೀರ್ ಕೊಡಬೇಕು, ತಡ ಆದ್ರ ತಿನ್ನಾಕ ಕೊಡಬೇಕು, ಇಲ್ಲಾಂದ್ರ ಇಳಸಬೇಕು. ಎಲ್ಲಾ ರೂಲ್ಸ್ ಐತಿ!”

“ಹೌದು ಮತ್ತೆ!” ಎಂದು ದಾರಿಯಾಚೆಯ ಸೀಟಿನಿಂದ ಉಮ್ಮಚಗಿಯ ವೆಂಕಟ್ರಮಣ ಭಟ್ಟರು ತಾಳ ಹಾಕಿದರು. “ಅರಬೈಲ ಘಾಟಿಯಲ್ಲಿ ಲಾರಿ ಅಡ್ಡ ಬಿದ್ರೂ ಬಸ್ಸಿಂದ ಇಳಿದು ಕಾಲು ಚಾಚಲಿಕ್ಕೆ ಬಿಡ್ತಾರೆ ಮಾರಾಯ್ರೆ. ಇದೆಂತದ್ದು ಇದು?”

ಹಿಂದಿನಿಂದ ಸಿರ್ಸಿಯವರು, ಯಲ್ಲಾಪುರದವರು ದನಿಗೂಡಿಸಿದರು. ಶಿವಲಿಂಗಪ್ಪನವರ ಅಂಗಡಿ ಕಟ್ಟೆ ತೆರೆಯಿತು.

ಅನುಶ್ರೀ ಓಡಿ ಬಂದಳು. “ಸರ್, ನೀರು ಯಾವಾಗ ಕೇಳಿದ್ರೂ ಕೊಡ್ತೀವಿ. ದುಡ್ಡೇನೂ ಇಲ್ಲ. ಶೌಚಾಲಯಕ್ಕೂ ಹೋಗಬಹುದು, ವಿಮಾನ ಚಲಿಸೋವಾಗ ಮಾತ್ರ ಕೂತಿರಬೇಕು. ತಿಂಡಿಗೂ ಹೇಳಿದ್ದೇವೆ. ಎಲ್ಲರನ್ನೂ ಇಳಿಸೋದು ಮಾತ್ರ ಕ್ಯಾಪ್ಟನ್ ಮತ್ತೆ ನಿಲ್ದಾಣದವರು ಸೇರಿ ತೀರ್ಮಾನ ಮಾಡೋದು. ಇಳಿಸಿದ ಮೇಲೆ ಅಪ್ಪಣೆ ಬಂತು ಅಂದ್ರೆ ಮತ್ತೆ ಎಲ್ಲರನ್ನೂ ಹತ್ತಿಸೋದ್ರಲ್ಲಿ ನಮ್ಮ ಸರದಿ ತಪ್ಪಿಹೋಗುತ್ತೆ. ಅದಕ್ಕೇ ಕಾಯ್ತಾ ಇದ್ದಾರೆ.”

ಕಾಗದದ ಲೋಟಗಳಲ್ಲಿ ನೀರು ಬಂತು. ಜನ ಗಟಗಟ ಕುಡಿದರು. ಶಿವಲಿಂಗಪ್ಪನವರ ಮುಂದೆ ತಟ್ಟೆ ಹಿಡಿದಾಗ ಅವರು ಕೈ ಅಡ್ಡ ಹಿಡಿದರು.

“ನಮಗ ಬ್ಯಾಡ. ಪೂಜಿ ಆಗಿಲ್ಲ.”

ಅನುಶ್ರೀ ಕಣ್ಣು ಪಿಳಿಪಿಳಿ ಬಿಟ್ಟಳು. ಭಟ್ಟರಿಗೆ ನಗು ತಡೆಯಲಿಲ್ಲ. “ಊರಿಗೆಲ್ಲ ನೀರು ಕೊಡಿಸಿದವ್ರೇ ಉಪವಾಸವೋ!”

“ನನಗ ಬೇಕಂತ ಕೇಳಿಲ್ರಿ ನಾ. ತತ್ವಕ್ಕ ಕೇಳಿದ್ದು” ಎಂದರು ಶಿವಲಿಂಗಪ್ಪ, ಗತ್ತಿನಿಂದ.

ತತ್ವವಂತೆ ತತ್ವ! ಪಕ್ಕದಲ್ಲಿ ದಾಕ್ಷಾಯಿಣಿಯ ಕೈ ನಡುಗತೊಡಗಿತ್ತು. ಹಣೆ ಬೆವರಿ ತಣ್ಣಗಾಗಿತ್ತು, ಎದುರಿನ ಸೀಟಿನ ಬೆನ್ನು ಎರಡಾಗಿ ಕಾಣುತ್ತಿತ್ತು. ಗಂಡನ ತೋಳು ಜಗ್ಗಿದಳು. ಅವರು ಭಟ್ಟರಿಗೆ ಪ್ರಯಾಣಿಕರ ಹಕ್ಕುಗಳನ್ನು ಮೊದಲಿನಿಂದ ವಿವರಿಸುತ್ತಿದ್ದರು. ಇನ್ನೊಮ್ಮೆ ಜಗ್ಗಿದಳು. “ತಡಿಯ, ಮಾತಾಡಾಕ ಹತ್ತೀನಿ” ಎಂದರು, ತಿರುಗದೆ. ಆಗ ಅವಳಿಗೆ ಸಿಟ್ಟು ಬಂತು. ಇಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರೆ ನನ್ನ ಮಗಳ ಮುಖ ನೋಡುವವರು ಯಾರು?

“ತಂಗಿ, ಒಂದ್ ಲೋಟ ನೀರು ತಾರವ್ವಾ. ಮತ್ತೊಂದು ಖಾಲಿ ಲೋಟ” ಎಂದಳು.

ಚಪ್ಪಲಿ ಬಿಟ್ಟು, ಕಾಲು ಮೇಲೆತ್ತಿ, ಸೀಟಿನಲ್ಲೇ ಸಾಧ್ಯವಾದಷ್ಟು ನೆಟ್ಟಗೆ ಕೂತಳು. ಪರ್ಸಿನಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡಳು. ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಎಡಗೈಯ ಅಂಗೈಯಲ್ಲಿಟ್ಟುಕೊಂಡಳು.

“ಏ, ಏನ್ ಮಾಡಾಕ ಹತ್ತಿ?” ಶಿವಲಿಂಗಪ್ಪನವರಿಗೆ ಈಗ ಪುರುಸೊತ್ತಾಯಿತು. “ಇಲ್ಲಿ? ಮಂದಿ ಉಂಡು ತಿಂದ ಸೀಟಿನ್ಯಾಗ?”

“ಅಂಗೈ ನಂದೇ ಐತ್ರಿ” ಎಂದಳು ದಾಕ್ಷಾಯಿಣಿ.

ಲಿಂಗದ ಮೇಲೆ ನೀರೆರೆದಳು. ಅಂಗೈಯಿಂದ ಇಳಿದ ನೀರನ್ನು ಮಡಿಲಲ್ಲಿಟ್ಟ ಖಾಲಿ ಲೋಟದಲ್ಲಿ ತುಂಬಿಕೊಂಡು, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಂತ್ರ ಹೇಳಿ, ಆ ನೀರನ್ನೇ ತೀರ್ಥವೆಂದು ಕುಡಿದಳು. ದೇವರಿಗೂ ಭಕ್ತೆಗೂ ಒಂದೇ ಲೋಟ ಸಾಕಾಯಿತು. ಅವಳ ಕೈ ನಡುಗುವುದನ್ನು ಕಂಡ ಅನುಶ್ರೀ ಕೇಳದೆಯೇ ಹಣ್ಣಿನ ರಸ ತಂದಳು, ಸಕ್ಕರೆ ತಂದಳು, ಬಿಸ್ಕಿಟ್ ಪೊಟ್ಟಣ ಒಡೆದು ಕೊಟ್ಟಳು. “ಡಾಕ್ಟರನ್ನ ಕರೆಸಲಾ ಅಮ್ಮಾ?” ಅಂದಳು. ದಾಕ್ಷಾಯಿಣಿ ಬೇಡವೆಂದು ತಲೆಯಾಡಿಸಿ ರಸ ಕುಡಿದಳು. ಮೆಲ್ಲಗೆ ಎದುರಿನ ಸೀಟು ಒಂದಾಯಿತು.

ಶಿವಲಿಂಗಪ್ಪನವರ ಮುಖ ಬಿಳಿಚಿಕೊಂಡಿತ್ತು. ಹೆಂಡತಿಯ ಬೆವರು ಅವರಿಗೆ ಈಗಷ್ಟೇ ಕಂಡಿದ್ದು. ಪಾಪ, ಹೆದರಿದ್ದರು ನಿಜ. ಆದರೆ ಹೆದರಿಕೆಯ ಜೊತೆಗೇ ಅವರ ಕಣ್ಣಿನಲ್ಲಿ ಸಣ್ಣದೊಂದು ಹುರುಪೂ ಬಂದದ್ದನ್ನು ದಾಕ್ಷಾಯಿಣಿ ನೋಡಿದಳು.

“ಸಾಕು. ನಾವು ಇಳೀತೀವಿ” ಎಂದು ಘೋಷಿಸಿದರು. “ಈಕಿಗೆ ಆರಾಮಿಲ್ಲ. ಬಾಗ್ಲಾ ತಗೀರಿ, ಊರಿಗೆ ಹೊಳ್ಳಿ ಹೊಕ್ಕೀವಿ.”

ಅನುಶ್ರೀ ಸಮಾಧಾನದಿಂದಲೇ ಹೇಳಿದಳು. “ಇಳೀಬಹುದು ಸರ್. ಕ್ಯಾಪ್ಟನ್ನಿಗೆ ಹೇಳ್ತೀನಿ. ಆದರೆ ಇಳಿದವರು ಈ ವಿಮಾನಕ್ಕೆ ವಾಪಸ್ ಬರೋ ಹಾಗಿಲ್ಲ. ನಿಮ್ಮ ಚೀಲ ಕೆಳಗೆ ಸಾಮಾನಿನ ಜೊತೆ ಇದೆ. ಚೀಲದ ಒಡೆಯ ಇಲ್ಲದೆ ಚೀಲ ಹೋಗೋ ಹಾಗಿಲ್ಲ, ಅದನ್ನ ಹುಡುಕಿ ಇಳಿಸಬೇಕು. ನಿಮ್ಮ ಸೀಟಿನ ಸುತ್ತ ತಪಾಸಣೆ ಮಾಡಬೇಕು. ಅಷ್ಟರವರೆಗೆ ಎಲ್ಲರೂ ಕಾಯಬೇಕು.”

ಎಲ್ಲರೂ ಕಾಯಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಂಗಡಿ ಕಟ್ಟೆಯ ಗಿರಾಕಿಗಳು ಬಣ್ಣ ಬದಲಿಸಿದರು.

“ಎಂತದ್ರೀ ಮಾರಾಯ್ರೆ, ಈಗ ಅಪ್ಪಣೆ ಬಂದುಬಿಟ್ರೆ?” ಎಂದರು ಭಟ್ಟರು. “ಸುಮ್ನೆ ಕೂತ್ಕೊಳಿ ಅತ್ಲಾಗೆ.”

“ಇಷ್ಟೊತ್ತು ಕೂತವ್ರಿಗೆ ಈಗೇನು ದೊಡ್ಡ ಅರ್ಜೆಂಟು?” ಎಂದು ಹಿಂದಿನಿಂದ ಇನ್ಯಾರೋ ಕೂಗಿದರು. ಇಳಿಸಿ ಇಳಿಸಿ ಎಂದು ಗಂಟಲು ಹರಿದುಕೊಂಡವರೇ ಈಗ ಬೆಲ್ಟು ಬಿಗಿದುಕೊಂಡು ಕೂತರು. ಶಿವಲಿಂಗಪ್ಪ ಒಬ್ಬರೇ ನಿಂತಿದ್ದರು.

“ಏಳ ದಾಕ್ಷಾಯಿಣಿ.”

“ನಾ ಏಳಂಗಿಲ್ರಿ.”

“ಆರಾಮಿಲ್ಲಲ್ಲ ನಿನಗ!”

“ಈಗ ಆರಾಮ್ ಅದೀನಿ. ನೀವು ಇಳೀರಿ. ಚೀಲಾನೂ ಒಯ್ರಿ. ಕೂಸಿನ ಕುಲಾವಿ, ದುಬಟಿ, ಬಾಣಂತಿಗೆ ಅಂಟಿನುಂಡಿ ಎಲ್ಲಾ ಅದರಾಗೇ ಅದಾವು. ನಾ ಬರಿಗೈಲೆ ಹೊಕ್ಕೀನಿ.” ಅಷ್ಟಕ್ಕೇ ನಿಲ್ಲಿಸಲಿಲ್ಲ. “ನೀರು, ಬಿಸ್ಕೀಟು ಅಂತ ಯಾಕ ಒದರ್ತಿದ್ರಿ ನಂಗ ಗೊತ್ತಿಲ್ಲೇನು? ಬಾಗ್ಲಾ ಹಾಕಿದಾಗಿಂದ ಇಳಿಯಾಕೊಂದು ನೆವ ಹುಡುಕಾಕ ಹತ್ತೀರಿ.”

ಭಟ್ಟರು ಕಿಟಕಿಯ ಕಡೆ ತಿರುಗಿದರು, ಏನೂ ಕೇಳಿಸದವರ ಹಾಗೆ. ಅನುಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

ಶಿವಲಿಂಗಪ್ಪ ಮೆಲ್ಲಗೆ ಕೂತರು. ಹೆಂಡತಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, “ಆಕಿ ನನ್ನ ಮಾರಿ ನೋಡಲಿಲ್ಲಾಂದ್ರ?” ಎಂದರು.

ಊರಿಗೆಲ್ಲ ಗದರುವ ಮನುಷ್ಯ! ದಾಕ್ಷಾಯಿಣಿಗೆ ಕರುಳು ಚುರ್ ಅಂದಿತು. ಜೊತೆಗೆ ಒಂದು ಗುದ್ದಬೇಕು ಅಂತಲೂ ಅನಿಸಿತು.

“ನೋಡಲಿಲ್ಲಾಂದ್ರ ಆಗ ಹೊಳ್ಳಿ ಬರೂಣಂತ್ರಿ. ಇಲ್ಲೇ ಕುಂತ್ರ ಹೆಂಗ ಗೊತ್ತಾಗತೈತಿ?” ಎಂದಳು.

ಅವರು ಬೆಲ್ಟು ಹುಡುಕಿ ಹಾಕಿಕೊಂಡರು. ಅನುಶ್ರೀ ಬಗ್ಗಿ ಕೇಳಿದಾಗ, “ಇಳಿಯಂಗಿಲ್ಲವ್ವಾ” ಎಂದರು. ಭಟ್ಟರು ನಿಟ್ಟುಸಿರು ಬಿಟ್ಟರು.

ಸರಿಯಾಗಿ ಆಗಲೇ ಕ್ಯಾಪ್ಟನ್ ದನಿ ಬಂತು. ಮಂಜು ಇನ್ನೂ ಕರಗಿಲ್ಲ, ತಡ ಇನ್ನಷ್ಟಾಗಲಿದೆ. ಆದ್ದರಿಂದ ಎಲ್ಲ ಪ್ರಯಾಣಿಕರನ್ನೂ ಇಳಿಸಿ ನಿಲ್ದಾಣದೊಳಗೆ ಕೂರಿಸಲಾಗುವುದು. ತಿಂಡಿ, ಚಹಾ ಅಲ್ಲೇ. ಹೊರಡುವಾಗ ಮತ್ತೆ ಭದ್ರತಾ ತಪಾಸಣೆ ಮುಗಿಸಿ ಹತ್ತಬೇಕು. ಪ್ರಯಾಣ ಬೇಡವೆನ್ನುವವರು ಅಲ್ಲಿಂದಲೇ ಮನೆಗೆ ಹೋಗಬಹುದು, ಅವರ ಚೀಲ ಇಳಿಸಿಕೊಡುತ್ತಾರೆ.

ಕೆಲವರು ಚಪ್ಪಾಳೆ ತಟ್ಟಿದರು. “ಗೆದ್ರಲ್ಲ ಶಿವಲಿಂಗಪ್ಪನೋರೇ!” ಎಂದು ಭಟ್ಟರು ಎದ್ದು ಕೈ ಕುಲುಕಿದರು. ಗೆದ್ದವರ ಮುಖ ಹುಳ್ಳಗಾಗಿತ್ತು.

ನಿಲ್ದಾಣದಲ್ಲಿ ಉಪ್ಪಿಟ್ಟು, ಚಹಾ ಕೊಟ್ಟರು. ಶಿವಲಿಂಗಪ್ಪ ಒಂದು ಲೋಟ ನೀರು ಹಿಡಿದು ಮೂಲೆಯ ಕುರ್ಚಿಗೆ ಹೋದರು. ದಾಕ್ಷಾಯಿಣಿ ಅತ್ತ ನೋಡಲಿಲ್ಲ. ಹೊರಗೆ ಹೋಗುವ ಬಾಗಿಲು ಆ ಕಡೆಗೇ ಇತ್ತು, ಅದರಾಚೆ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ತಡೆಯುವವರು ಯಾರೂ ಇರಲಿಲ್ಲ. ಅವಳು ಉಪ್ಪಿಟ್ಟು ತಿಂದಳು. ಫೋನ್ ತೆಗೆದು ಅಳಿಯನಿಗೆ, ತಡವಾದರೂ ಬರುತ್ತೇನೆ ಎಂದಳು. ಬರುತ್ತೇವೆ ಅನ್ನಲು ಧೈರ್ಯವಾಗಲಿಲ್ಲ.

ಬೆಂಗಳೂರಿನ ಅಪ್ಪಣೆ ಬಂದಿದೆ, ಎಲ್ಲರೂ ತಪಾಸಣೆಗೆ ಬನ್ನಿ ಎಂದು ಕೂಗಿದರು. ದಾಕ್ಷಾಯಿಣಿ ಮೂಲೆಯ ಕುರ್ಚಿ ನೋಡಿದಳು. ಖಾಲಿಯಿತ್ತು. ಹೋದರು ಹಾಗಾದರೆ. ಹೋಗಲಿ ಬಿಡು ಅಂದುಕೊಂಡು ಸಾಲಿನ ಬಾಲಕ್ಕೆ ಹೋಗಿ ನಿಂತಳು.

ಸಾಲಿನ ತಲೆಯಲ್ಲಿ ಗಲಾಟೆ ಕೇಳಿತು. ವಿಭೂತಿ ಹಚ್ಚಿಕೊಂಡ ಹಣೆಯೊಂದು ಎಲ್ಲರನ್ನೂ ಸರಿಸಿ ಮುಂದೆ ನುಗ್ಗಿ, ತಪಾಸಣೆ ಯಂತ್ರದ ಮುಂದಿನ ಭದ್ರತಾ ಜವಾನನಿಗೆ ಗದರುತ್ತಿತ್ತು.

“ಜಲ್ದಿ ಮಾಡ್ರಿ ಸ್ವಲ್ಪ! ಸಂಜೀ ಮುಂದ ನನ್ನ ಮಗಳದು ಆಪರೇಷನ್ ಐತಿ.”